ಅವ್ವನ ಸೀರೆಯ ಬಣ್ಣ ಫೋನಿಗೆ ಗೊತ್ತಿಲ್ಲ

ದಢೇಸುಗೂರಿನ ಮನೆಗಳಲ್ಲಿ, ಸಿಂಧನೂರಿನ ಓಣಿಗಳಲ್ಲಿ, ಮಸ್ಕಿ, ಲಿಂಗಸುಗೂರುಗಳ ಪಡಸಾಲೆಗಳಲ್ಲಿ ಗೋಡೆಯ ಮೇಲಿದ್ದ ಕಪ್ಪು ಬಿಳುಪು ಫೋಟೊಗಳು ಒಂದೊಂದಾಗಿ ಇಳಿಯುತ್ತಿವೆ. ಅದೇ ಮೊಳೆಗೆ ಅದೇ ಹಿರಿಯರು ಬಣ್ಣ ಹೊತ್ತು ಮತ್ತೆ ಏರುತ್ತಿದ್ದಾರೆ. ಹೊಸ ಮನೆಯ ಒಕ್ಕಲಿಗೆ ಒಂದು, ಅಜ್ಜನ ತಿಥಿಗೆ ಒಂದು, ಮದುವೆಯ ಬ್ಯಾನರಿನ ಮೂಲೆಗೆ ಒಂದು. ಫೋನಿನಲ್ಲಿ ಹಳೆಯ ಫೋಟೊ ಹಿಡಿದು ಒಂದು ಗುಂಡಿ ಒತ್ತಿದರೆ ಅರ್ಧ ನಿಮಿಷದಲ್ಲಿ ತಾತನ ರುಮಾಲಿಗೆ ಬಣ್ಣ ಬರುತ್ತದೆ, ಅವ್ವನ ಸೀರೆಗೆ ಬಣ್ಣ ಬರುತ್ತದೆ, ಹಿಂದಿನ ಹೊಲ ಹಸಿರಾಗುತ್ತದೆ. ಮನೆಯವರು ಸುತ್ತ ನೆರೆದು ನೋಡುತ್ತಾರೆ, ಯಾರೋ ಕಣ್ಣೊರೆಸಿಕೊಳ್ಳುತ್ತಾರೆ. ಹಳೆಯ ಫೋಟೊ ಅಟ್ಟ ಸೇರುತ್ತದೆ. ಗಾಜು ಒಡೆದಿದ್ದರೆ ಚೌಕಟ್ಟಿನ ಸಮೇತ ತಿಪ್ಪೆ ಸೇರುತ್ತದೆ.

ಆ ಕಣ್ಣೀರು ಸುಳ್ಳಲ್ಲ. ಎರಡು ವರ್ಷದ ಕೂಸಾಗಿದ್ದಾಗ ಅಪ್ಪನನ್ನು ಕಳೆದುಕೊಂಡ ಹೆಣ್ಣುಮಗಳೊಬ್ಬಳು ಆತನ ಮುಖಕ್ಕೆ ರಕ್ತ ಬಂದಂತೆ ಕಂಡಾಗ ಫೋನನ್ನು ಎದೆಗೊತ್ತಿಕೊಂಡರೆ, ಅವಳ ಕೈಯಿಂದ ಅದನ್ನು ಕಸಿಯುವ ಹಕ್ಕು ನನಗಿಲ್ಲ. ಬೂದು ಫೋಟೊದ ಕಡೆ ತಿರುಗಿಯೂ ನೋಡದ ಮಕ್ಕಳು ಬಣ್ಣ ಬಂದ ಕೂಡಲೇ 'ಇವರು ಯಾರು' ಎಂದು ಕೇಳುತ್ತಾರೆ ಎಂಬುದೂ ನಿಜ. ಬಣ್ಣ ಹಚ್ಚುವುದೇ ಪಾಪ ಎಂದು ನಾನು ಹೇಳುತ್ತಿಲ್ಲ. ಬಣ್ಣ ಗೊತ್ತಿರುವ ಜೀವ ಮನೆಯ ಮೂಲೆಯಲ್ಲಿ ಇನ್ನೂ ಕೂತಿರುವಾಗ ಅವರನ್ನು ಕೇಳದೆ, ಯಾರೋ ಮಾಡಿದ ಊಹೆಯನ್ನು ಗೋಡೆಗೆ ಏರಿಸಿ, ಅದು ಊಹೆ ಎಂಬ ಗುರುತನ್ನೂ ಇಡದೆ, ಮೂಲವನ್ನು ಎಸೆಯುತ್ತಿದ್ದೇವಲ್ಲ, ಅದು ನಾವು ನಮ್ಮ ಹಿರಿಯರಿಗೆ ಮಾಡುತ್ತಿರುವ ದ್ರೋಹ. ಅದನ್ನು ಈಗಲೇ ನಿಲ್ಲಿಸಬೇಕು, ಏಕೆಂದರೆ 1940ರ, 50ರ ದಶಕದ ಸೀರೆಯ ಬಣ್ಣ ಹೇಳಬಲ್ಲ ಬಾಯಿಗಳು ನಮ್ಮ ನಡುವೆ ಇನ್ನು ಬಹಳ ಕಾಲ ಇರುವುದಿಲ್ಲ.

ಕಪ್ಪು ಬಿಳುಪು ಫೋಟೊದಲ್ಲಿ ಏನಿದೆ, ಏನಿಲ್ಲ ಎಂಬುದನ್ನು ಮೊದಲು ತಿಳಿದುಕೊಳ್ಳೋಣ. ಆ ಕಾಗದದ ಮೇಲಿರುವುದು ಬೆಳ್ಳಿಯ ಕಣಗಳು. ಬೆಳಕು ಎಲ್ಲಿ ಎಷ್ಟು ಬಿದ್ದಿತ್ತು ಎಂಬುದನ್ನು ಮಾತ್ರ ಅವು ಹಿಡಿದಿಟ್ಟಿವೆ. ಬಣ್ಣ ಅಲ್ಲಿ ಅಡಗಿ ಕೂತಿಲ್ಲ, ಮಾಸಿಯೂ ಹೋಗಿಲ್ಲ; ಅದು ದಾಖಲಾಗಲೇ ಇಲ್ಲ. ಕೆಂಪು ಸೀರೆ, ಹಸಿರು ಸೀರೆ, ನೀಲಿ ಸೀರೆ ಮೂರೂ ಒಂದೇ ಬೂದಾಗಿ ಇಳಿಯಬಹುದು. ಒಮ್ಮೆ ಹಾಗೆ ಇಳಿದ ಮೇಲೆ ಆ ಬೂದಿನಿಂದ ಹಿಂದಕ್ಕೆ ನಡೆದು ಬಣ್ಣ ತಲುಪುವ ದಾರಿ ಯಾವ ಯಂತ್ರಕ್ಕೂ ಇಲ್ಲ. ಕಪ್ಪು ಬಿಳುಪಿನಲ್ಲಿ 'ಮರೆಯಾಗಿದ್ದ ಬಣ್ಣ ಹೊರತೆಗೆಯುತ್ತೇವೆ' ಎಂದು ಯಾರಾದರೂ ಜಾಹೀರಾತು ಕೊಟ್ಟರೆ ಅದು ಸುಳ್ಳು.

ಇದಕ್ಕಿಂತ ಕಠಿಣವಾದ ಇನ್ನೊಂದು ಸಂಗತಿ ಇದೆ, ಮತ್ತು ನಮ್ಮ ಕಡೆಯ ಫೋಟೊಗಳಿಗೆ ಅದು ಬಹಳ ಮುಖ್ಯ. ಆ ಕಾಲದ ಎಷ್ಟೋ ಫಿಲ್ಮು ಮತ್ತು ಗಾಜಿನ ಪ್ಲೇಟುಗಳಿಗೆ ಕೆಂಪು ಕಾಣುತ್ತಲೇ ಇರಲಿಲ್ಲ. ನೀಲಿ ಮತ್ತು ಹಸಿರು ಬೆಳಕಿಗೆ ಮಾತ್ರ ಸ್ಪಂದಿಸುವ ಇಂಥ ಫಿಲ್ಮನ್ನು ಆರ್ಥೊಕ್ರೊಮ್ಯಾಟಿಕ್ ಎನ್ನುತ್ತಾರೆ. ಎಲ್ಲ ಬಣ್ಣಕ್ಕೂ ಸ್ಪಂದಿಸುವ ಪ್ಯಾಂಕ್ರೊಮ್ಯಾಟಿಕ್ ಪ್ಲೇಟುಗಳು 1906ರಲ್ಲೇ ಬಂದಿದ್ದರೂ ಹಳೆಯದು ಕೂಡಲೇ ಮರೆಯಾಗಲಿಲ್ಲ. ಕೊಡಾಕ್ ಕಂಪನಿ ಡಬ್ಬಾ ಕ್ಯಾಮೆರಾಗಳಿಗಾಗಿ ಮಾರುತ್ತಿದ್ದ ವೆರಿಕ್ರೋಮ್ ರೋಲು 1956ರವರೆಗೂ ಕೆಂಪು ಕಾಣದ ಜಾತಿಯದೇ ಆಗಿತ್ತು. ಸ್ಟುಡಿಯೊದವರಿಗೆ ಇದರಿಂದ ಅನುಕೂಲವೂ ಇತ್ತು: ಡಾರ್ಕ್ ರೂಮಿನಲ್ಲಿ ಕೆಂಪು ದೀಪ ಹಚ್ಚಿಕೊಂಡು ನೆಗೆಟಿವ್ ಮೂಡುವುದನ್ನು ಕಣ್ಣಾರೆ ನೋಡುತ್ತಾ ತೊಳೆಯಬಹುದಿತ್ತು. ಇಂಥ ಫಿಲ್ಮಿನಲ್ಲಿ ಕೆಂಪು ವಸ್ತು ಕಪ್ಪಾಗಿ ಬೀಳುತ್ತದೆ, ನೀಲಿ ವಸ್ತು ಬೆಳ್ಳಗೆ ಬೀಳುತ್ತದೆ.

ಈಗ ನಮ್ಮ ಹೆಣ್ಣುಮಕ್ಕಳ ಉಡುಗೆಯನ್ನು ನೆನೆಯಿರಿ. ಇಳಕಲ್ಲು ನಮಗೆ ದೂರದ ಊರಲ್ಲ, ಲಿಂಗಸುಗೂರಿನಿಂದ ಒಂದು ಮಗ್ಗುಲಿಗೆ ಹೊರಳಿದರೆ ಸಿಗುತ್ತದೆ. ಇಳಕಲ್ ಸೀರೆಯ ಸೆರಗು ಕೆಂಪು, ಅದರ ಮೇಲೆ ಬಿಳಿ ಗೋಪುರಗಳ ತೋಪ ತೆನಿ. ದಡಿಯೂ ಹೆಚ್ಚಾಗಿ ಕೆಂಪು. ಒಡಲು ದಾಳಿಂಬಿ ಬಣ್ಣದ್ದಾಗಿದ್ದರೆ ಸೀರೆಯೇ ಇಡಿಯಾಗಿ ಕೆಂಪು. ಹಣೆಯ ಕುಂಕುಮ ಕೆಂಪು. ಎಲೆ ಅಡಿಕೆ ಮೆದ್ದ ತುಟಿ ಕೆಂಪು. ಮಡಿ ಹೆಂಗಸರು ಉಡುತ್ತಿದ್ದ ಸೀರೆ ಕೆಂಪು. ನಿಜಾಮರ ಕಾಲದಲ್ಲಿ ನೌಕರಿಯಲ್ಲಿದ್ದ ತಾತ ಶೇರವಾನಿಯ ಮೇಲೆ ಹಾಕಿದ್ದ ರೂಮಿ ಟೊಪ್ಪಿಗೆ ಕೆಂಪು, ಕುಚ್ಚು ಮಾತ್ರ ಕರಿದು. ನಮ್ಮ ಹಿರಿಯರ ಬದುಕಿನಲ್ಲಿ ಯಾವ ಬಣ್ಣಕ್ಕೆ ಅತಿ ಹೆಚ್ಚು ಅರ್ಥವಿತ್ತೋ, ಮುತ್ತೈದೆತನವನ್ನೂ ಮಡಿಯನ್ನೂ ಹುದ್ದೆಯನ್ನೂ ಯಾವ ಬಣ್ಣ ಹೇಳುತ್ತಿತ್ತೋ, ಅದೇ ಬಣ್ಣಕ್ಕೆ ಆ ಫಿಲ್ಮು ಕುರುಡಾಗಿತ್ತು.

ನನಗೆ ಗೊತ್ತಿರುವ ಒಂದು ಮನೆಯ ಫೋಟೊವನ್ನೇ ತೆಗೆದುಕೊಳ್ಳಿ. ಅಂಗೈಯಗಲದ್ದು, 1950ರ ದಶಕದ ಮೊದಲ ವರ್ಷಗಳದ್ದು. ಕುರ್ಚಿಯಲ್ಲಿ ಧೋತರ, ಅಂಗಿ, ರುಮಾಲಿನ ಗಂಡ. ಪಕ್ಕದಲ್ಲಿ ಸೆರಗು ಹೊದ್ದು ನಿಂತ ಹೆಂಡತಿ, ಕಂಕುಳಲ್ಲಿ ಕೂಸು. ಸ್ಟುಡಿಯೊ ಅಲ್ಲ, ಮನೆಯ ಹಿಂದಿನ ಬಯಲು, ದೂರದಲ್ಲಿ ಹೊಲ. ಮೊಮ್ಮಗ ಅದನ್ನು ಫೋನಿಗೆ ಕೊಟ್ಟ. ಫೋನು ಸೀರೆಗೆ ಕರಿ ನೀಲಿ ಹಾಕಿತು, ಹಣೆಯ ಬೊಟ್ಟನ್ನು ಕಪ್ಪಾಗಿಯೇ ಬಿಟ್ಟಿತು, ತುಟಿಗೆ ಗುಲಾಬಿ ಸವರಿತು, ಹಿಂದಿನ ಹೊಲವನ್ನು ಹುಲ್ಲುಹಾಸಿನಂತೆ ಹಸಿರು ಮಾಡಿತು. ಪ್ರಿಂಟು ತೆಗೆಸಿ ಚೌಕಟ್ಟು ಹಾಕಿಸಿದ ಮೇಲೆ ದೊಡ್ಡವ್ವನಿಗೆ ತೋರಿಸಿದರು. ಕಂಕುಳಲ್ಲಿದ್ದ ಕೂಸು ಈಕೆಯೇ. ನೋಡಿದ ಕೂಡಲೇ ಅಂದಳು: "ಏ ತಮ್ಮಾ, ಇದು ನಮ್ಮವ್ವನ ಸೀರಿ ಅಲ್ಲಲೋ. ಆಕಿದು ದಾಳಿಂಬ್ರಿ ಸೀರಿ. ಹಬ್ಬಕ್ಕೊಮ್ಮಿ ಟ್ರಂಕಿನ್ಯಾಗಿಂದ ತಗದು ಉಡ್ತಿದ್ಲು. ಹರದ ಮ್ಯಾಲ ಕೌದಿಗೆ ಹಾಕೀವಿ, ನೋಡ್ ಹೋಗು." ಕೌದಿ ಇನ್ನೂ ಇತ್ತು. ಒಳಪದರದಲ್ಲಿ, ಬಿಸಿಲು ತಾಗದ ಕಡೆ, ಅಂಗೈಯಷ್ಟು ದಾಳಿಂಬಿ ಕೆಂಪು ಉಳಿದಿತ್ತು.

ಆ ಫೋಟೊವನ್ನು ತಿಳಿದವರು ಓದಿದ್ದರೆ ಕೌದಿ ಬಿಚ್ಚುವ ಮೊದಲೇ ಅನುಮಾನ ಬರಬೇಕಿತ್ತು. ಕುಂಕುಮವನ್ನು ನೋಡಿ. ಕುಂಕುಮ ಕೆಂಪು ಎಂಬುದರಲ್ಲಿ ನಮಗೆ ಅನುಮಾನವಿಲ್ಲ. ಅದು ಫೋಟೊದಲ್ಲಿ ಇದ್ದಿಲಿನಷ್ಟು ಕಪ್ಪಾಗಿ ಬಿದ್ದಿದ್ದರೆ, ತುಟಿಯೂ ಅಷ್ಟೇ ಕಪ್ಪಾಗಿದ್ದರೆ, ಫಿಲ್ಮು ಕೆಂಪು ಕಾಣದ್ದು ಎಂದು ತಿಳಿಯಬಹುದು. ಆಗ ಆ ಚಿತ್ರದಲ್ಲಿ ಕಪ್ಪಾಗಿ ಕಂಡಿದ್ದೆಲ್ಲ ಕೆಂಪಾಗಿರಬಹುದು. ಕಪ್ಪು ಸೆರಗಿನ ಮೇಲೆ ಬಿಳಿ ಗೋಪುರಗಳು ಎದ್ದು ಕಂಡರೆ ಅದು ತೋಪ ತೆನಿಯ ಕೆಂಪು ಸೆರಗೇ. ಈ ಪರೀಕ್ಷೆಗೂ ಒಂದು ಮಿತಿ ಇದೆ: ಸ್ಟುಡಿಯೊದವರು ಟಚಿಂಗ್ ಮಾಡುವಾಗ ಮಾಸಿದ ಕುಂಕುಮವನ್ನು ಮಸಿಯಿಂದ ತಿದ್ದುತ್ತಿದ್ದುದುಂಟು. ಫೋಟೊವನ್ನು ಓರೆಯಾಗಿ ಬೆಳಕಿಗೆ ಹಿಡಿದರೆ ಮಸಿ ಮೆತ್ತಿದ ಜಾಗದ ಹೊಳಪು ಬೇರೆ ಕಾಣುತ್ತದೆ. ಹಾಗೆ ಕಂಡರೆ ಕುಂಕುಮದ ಸಾಕ್ಷ್ಯ ಬಿಟ್ಟು ತುಟಿಯನ್ನೂ ಸೆರಗನ್ನೂ ನಂಬಬೇಕು. ಇಷ್ಟೆಲ್ಲ ಯೋಚಿಸಲು ನಮ್ಮ ಊರಿನ ಒಬ್ಬ ಮನುಷ್ಯ ಬೇಕು. ಫೋನಿನೊಳಗಿನ ಯಂತ್ರಕ್ಕೆ ಇಳಕಲ್ ಸೀರೆ ಗೊತ್ತಿಲ್ಲ, ಆ ಫಿಲ್ಮು ಕುರುಡು ಎಂಬುದೂ ಗೊತ್ತಿಲ್ಲ.

ಅದಕ್ಕೆ ಗೊತ್ತಿರುವುದು ಏನು? 2016ರಲ್ಲಿ ಅಮೆರಿಕದ ಬರ್ಕ್ಲಿಯ ಸಂಶೋಧಕರು ಈ ವಿದ್ಯೆಗೆ ಬುನಾದಿ ಹಾಕಿದವುಗಳಲ್ಲಿ ಒಂದಾದ ಪ್ರಬಂಧವನ್ನು ಪ್ರಕಟಿಸಿದರು. ಹತ್ತು ಲಕ್ಷಕ್ಕೂ ಹೆಚ್ಚು ಬಣ್ಣದ ಚಿತ್ರಗಳನ್ನು ಯಂತ್ರಕ್ಕೆ ತೋರಿಸಿ, ಅವುಗಳ ಬೆಳಕಿನ ಅಂಶವನ್ನಷ್ಟೇ ಕೊಟ್ಟು ಬಣ್ಣ ಊಹಿಸುವುದನ್ನು ಕಲಿಸಿದರು. ಆಮೇಲೆ ಜನರ ಮುಂದೆ ನಿಜವಾದ ಬಣ್ಣದ ಚಿತ್ರವನ್ನೂ ಯಂತ್ರದ್ದನ್ನೂ ಇಟ್ಟು ನಕಲಿ ಯಾವುದೆಂದು ಕೇಳಿದರು; ನೂರಕ್ಕೆ 32 ಸಲ ಜನ ಮೋಸಹೋದರು. ಆ ಸಂಶೋಧಕರು ಪ್ರಾಮಾಣಿಕರು. ತಮ್ಮ ಗುರಿ ನಿಜವಾದ ಬಣ್ಣವಲ್ಲ, ನಂಬುವಂಥ ಬಣ್ಣ ಎಂದು ಅವರೇ ಬರೆದಿದ್ದಾರೆ. ನಮ್ಮ ಫೋನಿಗೆ ಬರುವ ಹೊತ್ತಿಗೆ ಆ ಮಾತು ಉದುರಿಹೋಗಿದೆ, ಗುಂಡಿ ಮಾತ್ರ ಉಳಿದಿದೆ. ನಂಬುವಂಥ ಬಣ್ಣ ಎಂದರೆ ಯಾರು ನಂಬುವಂಥದ್ದು? ಆ ಲಕ್ಷಾಂತರ ಚಿತ್ರಗಳು ಎಲ್ಲಿಂದ ಬಂದವೋ ಅಲ್ಲಿಯ ಕಣ್ಣು ನಂಬುವಂಥದ್ದು. ಅನುಮಾನ ಬಂದಾಗಲೆಲ್ಲ ಯಂತ್ರ ಎಲ್ಲ ಉತ್ತರಗಳ ನಡುವಿನ ಮಣ್ಣುಗಂದು ಬಣ್ಣದ ಕಡೆಗೆ ಜಾರುತ್ತದೆ. ನಿಮ್ಮ ಮನೆಯಲ್ಲಿ ಬಣ್ಣ ಹಚ್ಚಿದ ಫೋಟೊ ಇದ್ದರೆ ನೋಡಿ: ಗೋಡೆ, ಧೋತರದ ನೆರಳು, ಕುರ್ಚಿ, ಕೈಗಳು ಎಲ್ಲವೂ ಒಂದೇ ಕಂದಿನಲ್ಲಿ ಅದ್ದಿದಂತಿರುತ್ತವೆ, ಬಂಗಾರದ ಬೋರಮಾಳ ಬೂದಾಗಿಯೇ ಉಳಿದಿರುತ್ತದೆ, ಕೂಸಿನ ಒಂದು ಪಾದಕ್ಕೆ ಮೈಬಣ್ಣ ಬಂದಿದ್ದು ಇನ್ನೊಂದು ಹೆಣದ ಪಾದದಂತೆ ಬಿಳುಚಿಕೊಂಡಿರುತ್ತದೆ.

ಇದನ್ನು ನೀವೇ ಪರೀಕ್ಷಿಸಬಹುದು. ನಿನ್ನೆ ಮೊನ್ನೆಯ ಮದುವೆಯ ಬಣ್ಣದ ಫೋಟೊ ಒಂದನ್ನು ಕಪ್ಪು ಬಿಳುಪು ಮಾಡಿ, ಅದೇ ಆ್ಯಪಿಗೆ ಕೊಟ್ಟು ಬಣ್ಣ ಹಚ್ಚಿಸಿ, ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಿ. ನಿಮ್ಮ ಕಣ್ಣೆದುರೇ ಇದ್ದ ಸೀರೆಯನ್ನು ಅದು ಏನು ಮಾಡಿತು ಎಂದು ಕಂಡ ಮೇಲೆ, 70 ವರ್ಷದ ಹಿಂದಿನ ಸೀರೆಯನ್ನು ಅದರ ಕೈಗೆ ಕೊಡುವ ಧೈರ್ಯ ನಿಮಗೆ ಬರಲಿಕ್ಕಿಲ್ಲ.

ನನ್ನನ್ನು ಸೀರೆಗಿಂತಲೂ ಹೆಚ್ಚು ಕಲಕಿದ್ದು ಆ ಹೊಲ. ಫೋಟೊದಲ್ಲಿರುವುದು ಎರೆ ಭೂಮಿ. ತುಂಗಭದ್ರಾ ಅಣೆಕಟ್ಟಿನಲ್ಲಿ 1953ರಲ್ಲಿ ನೀರು ನಿಂತು, ಎಡದಂಡೆ ಕಾಲುವೆ ಹಂತಹಂತವಾಗಿ ನಮ್ಮ ಕಡೆ ಇಳಿದು ಬರುವ ಮೊದಲು ಇಲ್ಲಿ ಬೆಳೆಯುತ್ತಿದ್ದುದು ಮಳೆಯನ್ನು ನಂಬಿದ ಜೋಳ, ಹತ್ತಿ. ಬೇಸಿಗೆಯಲ್ಲಿ ಆ ಕರಿ ಮಣ್ಣು ಕಾಲು ಹೋಗುವಷ್ಟು ಬಿರುಕು ಬಿಡುತ್ತಿತ್ತು. ಮಳೆ ತಪ್ಪಿದ ವರ್ಷ ಜನ ಗುಳೆ ಹೋಗುತ್ತಿದ್ದರು. ಫೋಟೊದಲ್ಲಿ ಇರುವುದು ಆ ನೆಲ, ಆ ಬಿಸಿಲು, ಆ ಜನ. ಯಂತ್ರ ಅಲ್ಲಿಗೆ ಹಸಿರು ಸುರಿಯಿತು, ಏಕೆಂದರೆ ಅದು ಕಲಿತ ಚಿತ್ರಗಳಲ್ಲಿ ಮನುಷ್ಯರ ಹಿಂದಿನ ನೆಲ ಹುಲ್ಲಾಗಿತ್ತು. ಇಂದಿನ ನಮ್ಮ ಮಕ್ಕಳಿಗೆ ಆ ಹಸಿರು ತಪ್ಪೆನಿಸುವುದೂ ಇಲ್ಲ, ಕಿಟಕಿ ತೆರೆದರೆ ಕಾಣುವುದು ಭತ್ತದ ಗದ್ದೆಯೇ ತಾನೆ. ಅವರು ತಾತನ ಹಿಂದೆ ಗದ್ದೆ ನೋಡಿ, ನಮ್ಮ ಊರು ಎಂದೆಂದಿಗೂ ಹೀಗೇ ಇತ್ತು ಎಂದುಕೊಳ್ಳುತ್ತಾರೆ. ಆ ದಂಪತಿ ಒಣ ನೆಲದಲ್ಲಿ ಕೂಸು ಬದುಕಿಸಿದ್ದು, ಹಬ್ಬಕ್ಕೊಂದೇ ಸೀರೆಯಲ್ಲಿ ಬಾಳಿದ್ದು, ಎಲ್ಲವನ್ನೂ ಅರ್ಧ ನಿಮಿಷದ ಹಸಿರು ನುಂಗಿತು. ಇದು ಅಲಂಕಾರದ ತಪ್ಪಲ್ಲ, ಒಂದು ಊರಿನ ಇತಿಹಾಸವನ್ನೇ ತಿದ್ದಿದ ತಪ್ಪು.

ಮೈಬಣ್ಣದ ವಿಷಯವೂ ಹೀಗೆಯೇ ನೋವಿನದು. ಬಿಸಿಲಲ್ಲಿ ದುಡಿದು ಕಪ್ಪಾದ ನಮ್ಮವರ ಮುಖಕ್ಕೆ ಈ ಆ್ಯಪುಗಳು ಕಿತ್ತಳೆಯೋ ಗುಲಾಬಿಯೋ ಆದ ಒಂದೇ ಲೇಪ ಬಳಿಯುತ್ತವೆ. ಕೆಲವು ಆ್ಯಪುಗಳು ಬಣ್ಣದ ಜೊತೆಗೆ ಮುಖವನ್ನು 'ಸ್ಪಷ್ಟ'ವೂ ಮಾಡುತ್ತವೆ. ಅಲ್ಲಿ ನಡೆಯುವುದು ಬಣ್ಣ ಹಚ್ಚುವುದಕ್ಕಿಂತ ದೊಡ್ಡ ಅಪಚಾರ: ಮಸುಕಾದ ಕಣ್ಣಿನ ಜಾಗದಲ್ಲಿ ಯಂತ್ರ ಬೇರೆ ಕಣ್ಣು ಬರೆಯುತ್ತದೆ, ಸಿಡುಬಿನ ಕಲೆ ಅಳಿಸುತ್ತದೆ, ಹಣೆಯ ವಿಭೂತಿಯ ಗೆರೆಗಳನ್ನು ಕಾಗದದ ಗೀರು ಎಂದುಕೊಂಡು ಒರೆಸುತ್ತದೆ. ಬಂದ ಮುಖ ಚೆಂದವೇ ಇರುತ್ತದೆ, ಆದರೆ ಅದು ನಿಮ್ಮ ತಾತನದಲ್ಲ. ಅದಕ್ಕೆ ಹೂವಿನ ಹಾರ ಹಾಕಿ ಕೈಮುಗಿಯುವಾಗ ಯಾರಿಗೆ ಮುಗಿಯುತ್ತಿದ್ದೀರಿ ಎಂದು ಒಮ್ಮೆ ಕೇಳಿಕೊಳ್ಳಿ.

ಹಿಂದೆಯೂ ಫೋಟೊಗೆ ಬಣ್ಣ ಹಚ್ಚುತ್ತಿದ್ದರಲ್ಲ ಎಂದು ಕೇಳುವವರಿದ್ದಾರೆ. ನಿಜ. ನಮ್ಮ ದೇಶದಲ್ಲಿ 1860ರ ದಶಕದಿಂದಲೇ ಫೋಟೊದ ಮೇಲೆ ಕುಂಚ ಆಡಿದೆ. ಸ್ಟುಡಿಯೊದವರು ದೊಡ್ಡದು ಮಾಡಿದ ಪ್ರಿಂಟಿನ ಮೇಲೆ ತೆಳು ಬಣ್ಣ ಸವರಿ, ಒಡವೆಗೆ ಹಳದಿ, ಕೆನ್ನೆಗೆ ನಸುಗೆಂಪು ಕೊಟ್ಟ ಚಿತ್ರಗಳು ನಮ್ಮ ಕಡೆಯ ಗೋಡೆಗಳಲ್ಲೂ ಇವೆ. ಅವರೂ ಕರಿಯ ಕೆನ್ನೆಯನ್ನು ಕೆಂಪು ಮಾಡಿದ್ದಾರೆ, ಇಲ್ಲದ ಸರ ಬರೆದದ್ದೂ ಉಂಟು. ಅದನ್ನು ನಾನು ಮುಚ್ಚಿಡುವುದಿಲ್ಲ. ಆದರೆ ಮೂರು ಸಂಗತಿ ಅಲ್ಲಿ ಬೇರೆ ಇದ್ದವು. ಬಣ್ಣ ಹಚ್ಚುವವ ಸೀರೆ ಯಾವುದು, ಕುಬಸ ಯಾವುದು ಎಂದು ಮನೆಯವರನ್ನು ಕೇಳಿ ಚೀಟಿಯಲ್ಲಿ ಬರೆದುಕೊಳ್ಳಬಹುದಿತ್ತು, ಏಕೆಂದರೆ ಉಟ್ಟವರೇ ಎದುರಿಗಿದ್ದರು. ಬಣ್ಣ ತೆಳುವಾಗಿದ್ದುದರಿಂದ ಅದರಡಿಯ ಬೆಳ್ಳಿಯ ಚಿತ್ರ ಹಾಗೇ ಉಳಿಯುತ್ತಿತ್ತು. ಮತ್ತು ಅದು ಕೈಕೆಲಸ ಎಂದು ಕುರುಡನಿಗೂ ಗೊತ್ತಾಗುತ್ತಿತ್ತು. ಅಂಚು ದಾಟಿದ ಬಣ್ಣ, ಕುಂಚದ ಗೆರೆ ತಾವೇ ಹೇಳುತ್ತಿದ್ದವು. ಇಂದಿನ ಯಂತ್ರ ಕೇಳುವುದಿಲ್ಲ, ತೋರಿಸಿಕೊಳ್ಳುವುದೂ ಇಲ್ಲ. ಅದರ ಊಹೆ ಕ್ಯಾಮೆರಾ ಕಂಡ ಸತ್ಯದ ವೇಷ ಹಾಕಿಕೊಂಡು ಬರುತ್ತದೆ.

ರಾಜಕುಮಾರ್ ಅವರ 'ಸತ್ಯ ಹರಿಶ್ಚಂದ್ರ'ಕ್ಕೆ 2008ರಲ್ಲಿ, 'ಕಸ್ತೂರಿ ನಿವಾಸ'ಕ್ಕೆ 2014ರಲ್ಲಿ ಬಣ್ಣ ಹಚ್ಚಿ ಮತ್ತೆ ತೆರೆಗೆ ತಂದಾಗ ಯಾರಿಗೂ ಅಪಚಾರ ಅನ್ನಿಸಲಿಲ್ಲವಲ್ಲ ಎಂದೂ ಕೇಳಬಹುದು. ಸಿನಿಮಾದ ಅರಮನೆಯನ್ನು ಕಟ್ಟಿದ್ದೇ ಸೆಟ್ಟಿನಲ್ಲಿ, ಅಲ್ಲಿಯ ಉಡುಗೆ ಪಾತ್ರದ ಉಡುಗೆ. ಹಳೆಯ ಪ್ರತಿ ಬೇಕಾದವರಿಗೆ ಇಂದೂ ಸಿಗುತ್ತದೆ, ಎರಡನ್ನೂ ಹೋಲಿಸಿ ನೋಡಬಹುದು. ನಿಮ್ಮ ಅವ್ವನ ಫೋಟೊ ಲೋಕದಲ್ಲಿ ಒಂದೇ ಇದೆ. ಅದು ಹೋದರೆ ಹೋಲಿಸಲು ಇನ್ನೊಂದಿಲ್ಲ.

ಬಣ್ಣದ ದಾರಿ ಎಲ್ಲಿಯವರೆಗೆ ಹೋಗಬಹುದು ಎಂಬುದನ್ನು ಕಾಂಬೋಡಿಯದ ಜನ ಅನುಭವಿಸಿದ್ದಾರೆ. ಖ್ಮೇರ್ ರೂಜ್ ಆಡಳಿತ ಟುವೊಲ್ ಸ್ಲೆಂಗ್ ಸೆರೆಮನೆಯಲ್ಲಿ ಕೊಲ್ಲುವ ಮೊದಲು ಕೈದಿಗಳ ಫೋಟೊ ತೆಗೆಸುತ್ತಿತ್ತು. 2021ರ ಏಪ್ರಿಲ್‌ನಲ್ಲಿ ಐರ್ಲೆಂಡಿನ ಕಲಾವಿದನೊಬ್ಬ ಆ ಫೋಟೊಗಳಿಗೆ ಬಣ್ಣ ಹಚ್ಚಿದ. ಬಣ್ಣದ ಜೊತೆಗೆ ಕೆಲವರ ಮುಖದಲ್ಲಿ ನಗೆಯನ್ನೂ ತಂದಿದ್ದ. ಸತ್ತವರ ಮನೆಯವರು ಅದನ್ನು ಗುರುತಿಸಿ ಕೂಗೆಬ್ಬಿಸಿದರು, ಆ ದೇಶದ ಸಂಸ್ಕೃತಿ ಸಚಿವಾಲಯ ಖಂಡಿಸಿತು, ಪ್ರಕಟಿಸಿದ್ದ ಪತ್ರಿಕೆ ಲೇಖನವನ್ನು ಹಿಂತೆಗೆದುಕೊಂಡಿತು. ಅಲ್ಲಿ ಮೂಲ ಫೋಟೊಗಳು ಸಂಗ್ರಹಾಲಯದಲ್ಲಿ ಭದ್ರವಾಗಿದ್ದುದರಿಂದಲೇ ಸುಳ್ಳು ಸಿಕ್ಕಿಬಿತ್ತು. ನಮ್ಮ ಮನೆಗಳಲ್ಲಿ ಮೂಲವನ್ನು ನಾವೇ ತಿಪ್ಪೆಗೆ ಹಾಕುತ್ತಿದ್ದೇವೆ.

ಸರಿಯಾದ ಪದ್ಧತಿ ಯಾವುದು ಎಂದು ದೂರ ಹೋಗಿ ಕಲಿಯಬೇಕಿಲ್ಲ, ಮಸ್ಕಿಯ ಬಂಡೆಯ ಹತ್ತಿರ ಹೋದರೆ ಸಾಕು. 1915ರಲ್ಲಿ ಬೀಡನ್ ಎಂಬ ಗಣಿ ಎಂಜಿನಿಯರು ಅಲ್ಲಿ ಅಶೋಕನ ಶಾಸನ ಕಂಡುಹಿಡಿದರು. ದೇವಾನಾಂಪ್ರಿಯ ಎಂಬ ಬಿರುದಿನ ಜೊತೆಗೆ ಅಶೋಕ ಎಂಬ ಹೆಸರೇ ಇದ್ದ ಶಾಸನ ಅದು. ಅದೇ ವರ್ಷ ಎಚ್. ಕೃಷ್ಣಶಾಸ್ತ್ರಿಗಳು ಅದರ ಪಾಠವನ್ನು ಹೈದರಾಬಾದ್ ಪುರಾತತ್ವ ಮಾಲಿಕೆಯಲ್ಲಿ ಪ್ರಕಟಿಸಿದರು. ಬಂಡೆ ಸವೆದಿದೆ, ಅಕ್ಷರಗಳು ಅಲ್ಲಲ್ಲಿ ಹೋಗಿವೆ. ಶಾಸನ ಓದುವವರು ಇಂಥ ಕಡೆ ಏನು ಮಾಡುತ್ತಾರೆ? ಬೇರೆ ಶಾಸನಗಳ ಆಧಾರದ ಮೇಲೆ ಹೋದ ಅಕ್ಷರವನ್ನು ಊಹಿಸುತ್ತಾರೆ, ಆದರೆ ಅದನ್ನು ಆವರಣದೊಳಗೆ ಹಾಕುತ್ತಾರೆ. ಓದುವವನಿಗೆ ಬಂಡೆ ಹೇಳಿದ್ದು ಯಾವುದು, ವಿದ್ವಾಂಸ ತುಂಬಿದ್ದು ಯಾವುದು ಎಂದು ಗೊತ್ತಾಗಲಿ ಎಂದು. ಮತ್ತು ಬಂಡೆಯ ಮೇಲೆ ಉಳಿ ಹಿಡಿದು ಅಕ್ಷರ ಕೆತ್ತುವುದಿಲ್ಲ. ಒಬ್ಬ ಚಕ್ರವರ್ತಿಯ ಒಂದು ಅಕ್ಷರಕ್ಕೆ ತೋರುವ ಈ ಮರ್ಯಾದೆಯನ್ನು ನಮ್ಮನ್ನು ಹೆತ್ತವರ ಮುಖಕ್ಕೆ ತೋರಬೇಡವೇ?

ಹಾಗಾದರೆ ಏನು ಮಾಡಬೇಕು ಎಂದು ಕೇಳಿ, ಹೇಳುತ್ತೇನೆ. ಮೊದಲು ಮೂಲವನ್ನು ಉಳಿಸಿ. ಗೋಡೆಯ ಥಂಡಿಗೆ ಫೋಟೊ ಗಾಜಿಗೆ ಅಂಟಿಕೊಂಡಿದ್ದರೆ ಕೀಳಬೇಡಿ. ಚಿತ್ರವಿರುವ ಪದರವೇ ಗಾಜಿಗೆ ಹತ್ತಿಕೊಂಡು ಮುಖ ಸಮೇತ ಕಿತ್ತು ಬರುತ್ತದೆ. ಗಾಜಿನ ಮೇಲಿಂದಲೇ, ಓರೆ ಬೆಳಕಿನಲ್ಲಿ, ಫ್ಲ್ಯಾಶ್ ಇಲ್ಲದೆ ಫೋಟೊ ತೆಗೆದುಕೊಳ್ಳಿ. ಬಿಡಿ ಫೋಟೊ ಆದರೆ ಒದ್ದೆ ಬಟ್ಟೆಯಿಂದ ಒರೆಸದೆ ಸಿಂಧನೂರಿಗೆ ಒಯ್ದು ಸ್ಕ್ಯಾನ್ ಮಾಡಿಸಿ: ಇಂಚಿಗೆ 600 ಚುಕ್ಕೆಗಳಿಗೆ ಕಡಿಮೆ ಬೇಡ, ಪಾಸ್‌ಪೋರ್ಟ್ ಗಾತ್ರದ್ದಾದರೆ 1200 ಇರಲಿ. ಕಪ್ಪು ಬಿಳುಪಾದರೂ ಸ್ಕ್ಯಾನರನ್ನು ಬಣ್ಣದಲ್ಲೇ ಇಡಲು ಹೇಳಿ. ನೀರಿನ ಕಲೆ, ಹಳದಿ ತಿರುಗಿದ ಜಾಗ ಯಾವುದು, ಚಿತ್ರದ ನೆರಳು ಯಾವುದು ಎಂದು ಆಗ ಮಾತ್ರ ಬೇರೆ ಮಾಡಲು ಬರುತ್ತದೆ. ಹಿಂಬದಿಯನ್ನೂ ಸ್ಕ್ಯಾನ್ ಮಾಡಿಸಿ. ಅಲ್ಲಿ ಸ್ಟುಡಿಯೊದ ಮೊಹರು ಇದ್ದರೆ ಅದು ರಾಯಚೂರಿನದೋ ಬಳ್ಳಾರಿಯದೋ ಎಂಬುದೂ ಒಂದು ಕಥೆ. 1953ರವರೆಗೆ ನಮ್ಮ ಹೊಳೆಯ ಈ ದಂಡೆ ಹೈದರಾಬಾದ್ ಸೀಮೆ, ಆ ದಂಡೆ ಮದ್ರಾಸ್ ಸೀಮೆ. 1947-48ರಲ್ಲಿ ರಜಾಕಾರರ ಹಾವಳಿಗೆ ಹೆದರಿ ಗಡಿಯ ಆಚೆ ಹೋದವರ ಮನೆಯಲ್ಲಿ ಆ ಮೊಹರು ಎಷ್ಟೋ ಹೇಳಬಲ್ಲದು.

ಆಮೇಲೆ ಮನೆಯ ಹಿರಿಯ ಜೀವದ ಹತ್ತಿರ ಫೋಟೊ ಹಿಡಿದು ಕೂಡಿ. ಬಣ್ಣ ಹಚ್ಚುವ ಮೊದಲು ಕೂಡಿ. ಹಚ್ಚಿದ್ದನ್ನು ತೋರಿಸಿದ ಮೇಲೆ ಕೇಳಿದರೆ ಅವರ ನೆನಪೂ ಕದಡುತ್ತದೆ. ಕಣ್ಣೆದುರಿನ ನೀಲಿ ಸೀರೆ ಮನಸ್ಸಿನಲ್ಲಿದ್ದ ಕೆಂಪು ಸೀರೆಯನ್ನು ತಳ್ಳಿಬಿಡಬಹುದು. ಸೀರೆ ಯಾವುದು, ಯಾರು ತಂದಿದ್ದು, ದಡಿ ಯಾವುದು, ಹಿಂದೆ ಕಾಣುವ ಹೊಲ ಯಾರದು, ಆ ವರ್ಷ ಏನು ಬಿತ್ತಿದ್ದರು ಎಂದು ಬಿಡಿಬಿಡಿಯಾಗಿ ಕೇಳಿ. ಗೊತ್ತಿಲ್ಲ ಅಂದರೆ ಒತ್ತಾಯ ಮಾಡಬೇಡಿ, ಗೊತ್ತಿಲ್ಲ ಎಂದೇ ಬರೆದುಕೊಳ್ಳಿ. ಟ್ರಂಕು ತೆಗೆಯಿರಿ, ಕೌದಿ ಹುಡುಕಿ. ಇಷ್ಟಾದ ಮೇಲೂ ಬಣ್ಣ ಬೇಕೆನಿಸಿದರೆ ಸ್ಕ್ಯಾನಿನ ಪ್ರತಿಗೆ ಹಚ್ಚಿಸಿ; ಗೊತ್ತಿದ್ದ ಬಣ್ಣವನ್ನು ನೀವೇ ಹೇಳಿ ಕೈಯಿಂದ ತುಂಬಿಸಿ, ಗೊತ್ತಿಲ್ಲದ್ದನ್ನು ಬೂದಾಗಿಯೇ ಬಿಡಿ. ಕೆಂಪು ಸೀರೆಯುಟ್ಟ ಅವ್ವ ಬೂದು ಬಯಲಲ್ಲಿ ನಿಂತರೆ ಆ ಚಿತ್ರಕ್ಕೆ ಕೊರತೆಯೇನೂ ಇಲ್ಲ. ನಾವು ಬಲ್ಲದ್ದು ಎಷ್ಟು, ಬಲ್ಲದೇ ಹೋದದ್ದು ಎಷ್ಟು ಎಂದು ಅದು ನೇರವಾಗಿ ಹೇಳುತ್ತದೆ. ಗೋಡೆಗೆ ಏರಿಸುವಾಗ ಮೂಲದ ಪ್ರತಿಯನ್ನೂ ಪಕ್ಕದಲ್ಲೇ ಏರಿಸಿ.

ಸಿಂಧನೂರು, ಲಿಂಗಸುಗೂರು, ಮಸ್ಕಿಯ ಸ್ಟುಡಿಯೊದ ಅಣ್ಣಂದಿರೇ, ಈ ಮಾತು ಹೆಚ್ಚಾಗಿ ನಿಮಗೆ. ಮದುವೆ ಸುಗ್ಗಿಯಲ್ಲಿ ನಿಮ್ಮ ಮೇಜಿನ ಮೇಲೆ ಎಷ್ಟೋ ಮನೆಗಳ ಸತ್ತವರು ಬಂದು ಬೀಳುತ್ತಾರೆ. ಗಿರಾಕಿ ಅವಸರ ಮಾಡುತ್ತಾನೆ, ಒಂದು ಗುಂಡಿ ಒತ್ತಿ ಕೊಟ್ಟರೆ ಅವನಿಗೂ ಖುಷಿ, ನಿಮಗೂ ಕೆಲಸ ಮುಗಿಯಿತು. ಆದರೂ ಒಂದು ಪ್ರಶ್ನೆ ಕೇಳಿ: "ಸೀರಿ ಯಾವ ಬಣ್ಣದ್ದು, ಮನ್ಯಾಗ ಯಾರಿಗರ ಗೊತ್ತೈತೇನ್ರಿ?" ಗೊತ್ತಿಲ್ಲ ಎಂದರೆ ಪ್ರಿಂಟಿನ ಕೆಳ ಮೂಲೆಯಲ್ಲಿ ಸಣ್ಣ ಅಕ್ಷರದಲ್ಲಿ 'ಬಣ್ಣ ಊಹೆಯದು' ಎಂದು ಹಾಕಿ. ಇದೇನೂ ಹೊಸದಲ್ಲ. ವಂಶಾವಳಿ ಹುಡುಕಿಕೊಡುವ ಮೈಹೆರಿಟೇಜ್ ಕಂಪನಿ 2020ರಲ್ಲಿ ಬಣ್ಣ ಹಚ್ಚುವ ಸೌಲಭ್ಯ ತಂದಾಗ ಪ್ರತಿ ಚಿತ್ರದ ಮೂಲೆಯಲ್ಲಿ ಬಣ್ಣದ ಹಲಗೆಯ ಗುರುತು ಹಾಕಿತು. ಮೂಲ ಫೋಟೊವನ್ನು ಗಿರಾಕಿ ಬೇಡ ಎಂದರೂ ಕವರಿನಲ್ಲಿ ಹಾಕಿ ಅವನ ಕೈಗೇ ಕೊಟ್ಟು ಕಳಿಸಿ. ಆ ಕವರಿನ ಮೇಲೆ, ಫೋಟೊದ ಮೇಲಲ್ಲ, ಇಷ್ಟು ಬರೆದುಕೊಡಿ: ಫೋಟೊದಲ್ಲಿ ಯಾರು ಯಾರು, ಎಲ್ಲಿ ತೆಗೆಸಿದ್ದು, ಅಂದಾಜು ಯಾವ ವರ್ಷ, ಸೀರೆ ದಾಳಿಂಬಿ ಕೆಂಪು, ಹೇಳಿದವರು ಮಗಳು, ರುಮಾಲಿನ ಬಣ್ಣ ತಿಳಿದಿಲ್ಲ, ಹೊಲ ಎರೆ, ಜೋಳದ್ದು.